ಹನ್ನೆರಡು ತಾಸಿನ ದೀಪ

ಮುದಕವ್ವನ ಕುರಿಹಟ್ಟಿಯ ಸೋಲಾರ್ ದೀಪ ಹನ್ನೆರಡು ತಾಸು ಉರಿಯುತ್ತದೆಂದು ಹೇಳಿ ಮಾರಿದ್ದರು. ಅದು ಮೂರು ತಾಸಿಗೆ ಆರಿತು. ಕತ್ತಲಲ್ಲಿ ತೋಳ ಬಂದು ಎರಡು ಮರಿಗಳನ್ನು ಒಯ್ದಿತು.

ಹನ್ನೆರಡು ತಾಸು ಎಂದು ಹೇಳಿದ ದನಿ ಫಿರದೋಸಳದು.

ಫಿರದೋಸ್ ಸಂಗೊಳ್ಳಿಯ ಹುಡುಗಿ. ಬಿ.ಕಾಂ. ಮುಗಿಸಿ, ದಿನಾ ಮುಂಜಾನೆಯ ಬಸ್ಸಿಗೆ ಬೈಲಹೊಂಗಲಕ್ಕೆ ಬಂದು ಮಧುವಿನ ಎಲೆಕ್ಟ್ರಿಕ್ ಅಂಗಡಿಯಲ್ಲಿ ಕೂರುತ್ತಿದ್ದಳು. ಅಂಗಡಿಗೆ ಬರುವ ಸೋಲಾರ್ ದೀಪ, ಚಾರ್ಜಿಂಗ್ ಬ್ಯಾಟರಿ, ಕೈದೀಪಗಳ ಡಬ್ಬಿಗಳ ಮೇಲೆ ಇಂಗ್ಲಿಷ್ ಇರುತ್ತಿತ್ತು, ಕೆಲವೊಮ್ಮೆ ಅದೂ ಇಲ್ಲದೆ ಬರೀ ಚಿತ್ರ. ಕೊಳ್ಳುವವರೆಲ್ಲ ಹೊಲದವರು. ಹೀಗಾಗಿ ಮಧು ಒಂದು ಉಪಾಯ ಮಾಡಿದ್ದ. ಪ್ರತಿ ದೀಪದ ಫೋಟೊ ತೆಗೆದು, ಅದರ ಕೆಳಗೆ ನಾಲ್ಕು ಮಾತು: ಬೆಳಕು ಎಷ್ಟು, ಚಾರ್ಜಿಗೆ ಎಷ್ಟು ತಾಸು ಬಿಸಿಲು, ಚಾರ್ಜಾದ ಮೇಲೆ ಎಷ್ಟು ತಾಸು ಉರಿಯುತ್ತದೆ, ಹೊರಗೆ ಇಡಬಹುದೋ ಇಲ್ಲವೋ. ಓದಲು ಬಾರದವರಿಗೆ ಅದೇ ನಾಲ್ಕು ಮಾತನ್ನು ಫಿರದೋಸ್ ತನ್ನ ದನಿಯಲ್ಲಿ ಹೇಳಿ, ಕಡೆಗೆ 'ನಿಮ್ಮ ಅಂಗಳದಾಗ ಹಗಲ ಮಾಡ್ರಿ' ಎಂದು ಸೇರಿಸಿ ವಾಟ್ಸಾಪಿಗೆ ಹಾಕಬೇಕು.

ಆ ದನಿ ಓಡಾಡಿತು. ಸವದತ್ತಿ, ರಾಮದುರ್ಗ, ಕಿತ್ತೂರು ಕಡೆಯ ಯಾವ ಯಾವುದೋ ಊರಿನ ಗುಂಪುಗಳಿಗೆ ಹೋಯಿತು. ಜನ ಮರಳಿ ದನಿಯಲ್ಲೇ ಕೇಳುತ್ತಿದ್ದರು. 'ನಮ್ಮ ದನದ ಕೊಟಗಿಗೆ ಯಾವುದು ಚಲೋರಿ ಅಕ್ಕಾರ?' 'ಗದ್ದಿ ಕಾಯಾಕ ಯಾವುದು ಹೇಳ್ರಿ.' ದೇಗಾಂವದ ಒಬ್ಬ ಮುದುಕ ದೀಪ ಕೊಳ್ಳದೆಯೂ ವಾರಕ್ಕೊಮ್ಮೆ ಮಳೆಯ ಸುದ್ದಿ ಕಳಿಸುತ್ತಿದ್ದ. ಒಮ್ಮೆ ಬಸ್ಸಿನಲ್ಲಿ ಆಕೆ ಟಿಕೀಟು ಕೇಳಿದ್ದಕ್ಕೇ ಕಂಡಕ್ಟರ್ ತಲೆ ಎತ್ತಿ, "ಅಂಗಳದಾಗ ಹಗಲ ಮಾಡಾಕಿ ನೀವ ಹೌದಲ್ಲರಿ?" ಅಂದಿದ್ದ. ಮನೆಗೆ ಹೋಗಿ ಅವ್ವ ಕಾಶಿಂಬಿಯ ಮುಂದೆ ಹೇಳಿದಾಗ ಅವ್ವ ನಗಲಿಲ್ಲ. "ಮಂದಿ ನಿನ್ನ ಮುಖ ನೋಡದ ಮಾತ ನಂಬತಾರ. ಸುದ್ದ ಇರ ಬೇಟಾ," ಅಂದಳು.

ದಸರೆ ಹತ್ತಿರ ಬಂದಿತ್ತು. ಮಳೆ ಹಿಂದೆ ಸರಿದು ಬಿಸಿಲು ಚುರುಕಾಗಿತ್ತು. ಅಂಥ ಒಂದು ಸಂತೆಯ ದಿನ ಮುದಕವ್ವ ಕಂಬಳಿಯಲ್ಲಿ ದೀಪ ಸುತ್ತಿಕೊಂಡು ಅಂಗಡಿಯ ಮೆಟ್ಟಿಲು ಹತ್ತಿದಳು.

ಕಂಬಳಿ ಬಿಚ್ಚುವ ಮುಂಚೆ ಆಕೆ ಕೇಳಿದ್ದು ಒಂದೇ. "ಇಲ್ಲಿ ಮಾತಾಡೊ ಹುಡಿಗಿ ಎಲ್ಲಿ ಐತಿ?"

"ನಾನ ಆಯಿ. ಏನಾಗಬೇಕಾಗಿತ್ತು? ಬರ್ರಿ, ಕುಂದರ್ರಿ."

ಮುದಕವ್ವ ಕುಳಿತುಕೊಳ್ಳಲಿಲ್ಲ. ಕಣ್ಣು ಕಿರಿದು ಮಾಡಿ ಆಕೆಯನ್ನು ಮೇಲಿಂದ ಕೆಳಗೆ ನೋಡಿದಳು. "ದನಿ ಕೇಳಿದ್ರ ಆಳ ಇನ್ನೂ ಸ್ವಲ್ಪ ದಪ್ಪ ಇರತೇತಿ ಅಂದಕೊಂಡಿದ್ನಿ," ಅಂದಳು. "ಹನ್ನೆರಡ ತಾಸ ಅಂದಾಕಿ ನೀನ ಏನವಾ?"

"ಹೂಂರಿ."

"ಹಂಗಾರ ನಿನ್ನ ಹನ್ನೆರಡಕ್ಕ ಮೂರ ಅಂತಾರೇನು?"

ಅವರದು ಮನೋಳಿ ಕಡೆ. ಆಕೆ ಮತ್ತು ಗಂಡ ಯಮನಪ್ಪ ಕುರಿ ಕಾಯುವವರು. ಸುಗ್ಗಿ ಮುಗಿದ ಹೊಲಗಳಲ್ಲಿ ರಾತ್ರಿ ಕುರಿ ತರುಬುತ್ತಾರೆ. ಕುರಿ ಹಿಂಡಿನ ಗೊಬ್ಬರ ಹೊಲಕ್ಕೆ ಬೀಳುತ್ತದೆ, ಹೊಲದೊಡೆಯ ಅವರಿಗೆ ಕಾಳು ಕೊಡುತ್ತಾನೆ, ನಾಲ್ಕು ದಿನ ಬಿಟ್ಟು ಹಟ್ಟಿ ಮುಂದಿನ ಹೊಲಕ್ಕೆ ಹೋಗುತ್ತದೆ. ಹೊಲದಿಂದ ಹೊಲಕ್ಕೆ ಹೋಗುವವರಿಗೆ ಕರೆಂಟಿನ ಕಂಬ ಯಾವುದು? ಬಲೆ ಕಟ್ಟಿದ ಹಟ್ಟಿಯ ನಡುವೆ ಒಂದು ಗೂಟ, ಗೂಟಕ್ಕೆ ಒಂದು ದೀಪ. ಬೆಳಕಿದ್ದ ಕಡೆ ತೋಳ ಸುಳಿಯಲು ಹಿಂಜರಿಯುತ್ತದೆ, ಸುಳಿದರೂ ನಾಯಿಗೆ ಕಾಣುತ್ತದೆ.

"ಉಂಡು ಕೈ ತೊಳದು ಕಂಬಳಿ ಹೊತ್ಗೊಂಡಿದ್ವಿ. ಒಂದ ನಿದ್ದಿ ಆಗಿರಲಿಲ್ಲ," ಅಂದಳು ಮುದಕವ್ವ. "ನಾಯಿ ಒದರತು. ಎದ್ದ ನೋಡಿದ್ರ ಕಗ್ಗತ್ತಲಿ. ನನ್ನ ಗಂಡ ದೀಪಕ್ಕ ಬೈಬೇಕೋ ತೋಳಕ್ಕ ಬೈಬೇಕೋ ತಿಳೀದ ನನಗ ಬೈದಾ. ದೀಪ ತರಸು ಅಂದಾಕಿ ನಾನ ಅಲ್ಲೇನು! ಎರಡ ಮರಿ. ಒಂದರ ಕಿವ್ಯಾಗ ಬಿಳೇ ಮಚ್ಚಿ ಇತ್ತು. ಅದು ನನ್ನ ಕೈಯಾಗ ಹುಟ್ಟಿದ್ದು."

ಇಷ್ಟು ಹೇಳಿ ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಜಗಳ ತೆಗೆಯಲು ಬಂದವಳಂತೆ ಕಾಣಲಿಲ್ಲ. ಕೇಳಲು ಬಂದವಳಂತೆ ಇದ್ದಳು.

ಮಧು ಗಲ್ಲೆ ಬಿಟ್ಟು ಬಂದ. ಅವನು ಕೆಟ್ಟ ಮನುಷ್ಯನಲ್ಲ. ಬಂದವರಿಗೆ ಮೊದಲು ನೀರು ಕೊಡಿಸುತ್ತಾನೆ, ಹಬ್ಬಕ್ಕೆ ಫಿರದೋಸಳ ಮನೆಗೆ ಸಿಹಿ ಕಳಿಸುತ್ತಾನೆ, ಈದಿಗೆ ಹೋಗಿ ಶೀರಖುರ್ಮಾ ಉಣ್ಣುತ್ತಾನೆ. ಡಬ್ಬಿಯ ಮೇಲೆ ದಪ್ಪಗೆ ಬರೆದ ಇನ್ನೂರು ವ್ಯಾಟನ್ನು ಕಂಡು ಅವನೇ ನಗುತ್ತಿದ್ದ. "ಖರೇ ಇನ್ನೂರ ವ್ಯಾಟ್ ಆದ್ರ ಮನಿ ಬಾಗಲದಷ್ಟ ಪ್ಯಾನೆಲ್ ಬೇಕಾಕ್ಕೇತಿ. ಇದು ಹೆಸರಷ್ಟ. ನಮ್ಮ ಮಾವನ ಹೆಸರ ಕುಬೇರ ಇಲ್ಲೇನು?" ಅನ್ನುತ್ತಿದ್ದ. ಅದಕ್ಕೇ ಅವರ ಫೋಟೊದ ಕೆಳಗೆ ವ್ಯಾಟ್ ಇರದೆ, ಬೆಳಕಿನ ನಿಜವಾದ ಅಳತೆ ಲೂಮೆನ್ ಇರುತ್ತಿತ್ತು. ಅಷ್ಟರ ಮಟ್ಟಿಗೆ ತಾನು ಊರಿನ ಉಳಿದ ಅಂಗಡಿಗಳಿಗಿಂತ ನೆಟ್ಟಗೆ ಎಂಬ ಹೆಮ್ಮೆ ಅವನಿಗಿತ್ತು.

ಮುದಕವ್ವ ಕಂಬಳಿ ಬಿಚ್ಚಿದಳು. ದೀಪ, ಅದರ ವಾಯರು, ವಾಯರಿನ ತುದಿಗೆ ಮಕ್ಕಳು ಬರೆಯುವ ಪಾಟಿಯಷ್ಟು ಅಗಲದ ಪ್ಯಾನೆಲ್ಲು. ಪ್ಯಾನೆಲ್ಲಿನ ಮುಖದ ಮೇಲೆ ಅಡ್ಡಡ್ಡ ಮೂರು ಬೆರಳಿನ ಹಳದಿ ಪಟ್ಟೆ.

"ಇದೇನಿದು?" ಅಂದ ಮಧು.

"ಭಂಡಾರ. ಎಲ್ಲವ್ವನ ಗುಡ್ಡದ್ದು. ಹೊಸಾ ಜಿನಸು ಬಂದ್ರ ಹಚ್ಚೂದಿಲ್ಲೇನು?"

ಅವರು ಆ ದೇವರ ಅರಿಶಿನವನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿದ್ದರು. ಕೊಡಲಿಗೆ ಹಚ್ಚುತ್ತಾರೆ, ಮೊಬೈಲಿಗೆ ಹಚ್ಚುತ್ತಾರೆ, ಹಟ್ಟಿಯ ಗೂಟಕ್ಕೂ ಹಚ್ಚುತ್ತಾರೆ. ದೀಪಕ್ಕೆ ಯಾವುದು ಮುಖ, ಯಾವುದು ಬೆನ್ನು? ಹೊಳೆಯುವುದು ಮುಖ. ಮುಖಕ್ಕೆ ಹಚ್ಚಿದ್ದರು. ಎಣ್ಣೆಗೆ ಧೂಳು ಹತ್ತಿ ಪಟ್ಟೆ ಗಟ್ಟಿಯಾಗಿತ್ತು.

ಮಧುವಿನ ಮುಖ ಅರಳಿತು. "ಸಿಕ್ಕತ್ ನೋಡ್ರಿ ಕಳ್ಳ! ಬಿಸಲ ಒಳಗ ಹೋಗೂ ಕಿಡಕಿ ಇದು. ಕಿಡಕಿಗೆ ಗೋಡೆ ಕಟ್ಟಿದಂಗ ಮಾಡೀರಿ. ಚಾರ್ಜ್ ಹೆಂಗ ಆಗಬೇಕು?"

"ದೇವರ ಭಂಡಾರ ದೀಪಾ ಆರಸ್ತೇತೇನಪಾ?"

"ದೇವರ ಏನೂ ಮಾಡಿಲ್ಲಬೇ. ನೀವ ಮಾಡೀರಿ."

ಮುದಕವ್ವ ಶೆಲ್ಫಿನ ಕಡೆ ಕೈ ತೋರಿಸಿದಳು. "ಹಂಗಾರ ಅದು?"

ಅಂಗಡಿಗೆ ಬಂದವರು ನೋಡಲಿ ಎಂದು ತೂಗುಹಾಕಿದ್ದ ಅದೇ ಜಾತಿಯ ದೀಪದ ಪ್ಯಾನೆಲ್ಲಿಗೆ ಅಮಾಸಿಯ ಪೂಜೆಯ ಕುಂಕುಮದ ಬೊಟ್ಟು ಇತ್ತು. ಮಧುವೇ ಇಟ್ಟದ್ದು. ಫಿರದೋಸ್ ತುಟಿ ಕಚ್ಚಿಕೊಂಡಳು. ಮಧು ಬೆರಳಿಗೆ ಉಗುಳು ಹಚ್ಚಿ ಬೊಟ್ಟು ಒರೆಸಿ, "ಇದು ಮಾರೂದಲ್ಲ, ತೋರಸೂದು," ಅಂದ.

ಆಮೇಲೆ ಅವನು ಫಿರದೋಸಳನ್ನು ಒಳಗೆ ಕರೆದು ಮೆಲ್ಲಗೆ ಹೇಳಿದ. "ಇವತ್ತ ಹೊಸಾ ದನಿ ಹಾಕು. ಪ್ಯಾನೆಲ್ ಮ್ಯಾಲ ಭಂಡಾರ, ಕುಂಕುಮ, ಇಭೂತಿ ಹಚ್ಚಬ್ಯಾಡ್ರಿ, ಹಚ್ಚಿದ್ರ ಗ್ಯಾರಂಟಿ ಇಲ್ಲ ಅನ್ನು. ಹನ್ನೆರಡ ತಾಸ ಹಂಗ ಇರ್ಲಿ. ದಸರಿಗೆ ಎಷ್ಟ ಆರ್ಡರ್ ಬಂದಾವ ಗೊತ್ತೈತಿಲ್ಲ?"

"ಮೊದಲ ನೋಡೂಣಲ್ಲ ಅಣ್ಣಾರ. ಒರಸಿ ಚಾರ್ಜ್ ಮಾಡೂಣು. ಡಬ್ಬ್ಯಾಗಿಂದ ಒಂದ ಹೊಸಾದೂ ತಗೀತೇನಿ. ಎರಡೂ ಜೋಡಿ ಹಚ್ಚಿದ್ರ ತಪ್ಪ ಭಂಡಾರದ್ದೋ ದೀಪದ್ದೋ ತಿಳೀತೇತಿ."

"ಅದರಾಗ ತಿಳಿಯೂದೇನೈತಿ?" ಅಂದ ಮಧು. ಆದರೆ ಬೇಡ ಅನ್ನಲಿಲ್ಲ. ಗೆಲ್ಲುವೆನೆಂಬ ಧೈರ್ಯ ಅವನಿಗಿತ್ತು.

ಮುದಕವ್ವ ಮುಂದಿನ ಸಂತೆಗೆ ಬರುವುದಾಗಿ ಹೇಳಿ ಹೋದಳು. ಅಲ್ಲಿಯವರೆಗೆ ಹಟ್ಟಿಗೆ ಏನು ಮಾಡುತ್ತೀರಿ ಎಂದು ಫಿರದೋಸ್ ಕೇಳಿದ್ದಕ್ಕೆ, "ಬೆಂಕಿ ಹಾಕತೇವಿ. ನನ್ನ ಗಂಡಗ ಬೀಡಿ ಹಚ್ಚಾಕೂ ಆಗತೇತಿ," ಅಂದಳು.

ಫಿರದೋಸ್ ಒದ್ದೆ ಅರಿವೆಗೆ ಸ್ವಲ್ಪ ಸಾಬೂನು ಹಚ್ಚಿ ಪ್ಯಾನೆಲ್ ತಿಕ್ಕಿದಳು. ಹಳದಿ ಬಿಡಲು ಹೊತ್ತು ಹಿಡಿಯಿತು. ಭಂಡಾರದ್ದೂ ತಪ್ಪು ಇತ್ತು, ಅದನ್ನು ಆಕೆ ಬಲ್ಲಳು. ಪ್ಯಾನೆಲ್ಲಿನ ಒಳಗಿನ ಚೌಕಗಳು ಒಂದಕ್ಕೊಂದು ಕೈ ಹಿಡಿದು ನಿಂತಿರುತ್ತವೆ. ಒಂದರ ಮುಖ ಮುಚ್ಚಿದರೆ ಉಳಿದವೂ ಬಲ ಕಳೆದುಕೊಳ್ಳುತ್ತವೆ. ಹಾಗಾದರೆ ಒರೆಸಿದ ದೀಪ ಹೆಚ್ಚು ಹೊತ್ತು ಉರಿಯಬೇಕು. ಎಷ್ಟು ಹೆಚ್ಚು ಎಂಬುದಷ್ಟೇ ಈಗಿನ ಪ್ರಶ್ನೆ.

ಮರುದಿನ ಎರಡೂ ಪ್ಯಾನೆಲ್ಲುಗಳನ್ನು ಅಂಗಡಿಯ ಮಾಳಿಗೆಯ ಮೇಲೆ ದಕ್ಷಿಣಕ್ಕೆ ವಾಲಿಸಿ ಇಟ್ಟಳು. ನೀರಿನ ಟಾಕಿಯ ನೆರಳು ಬೀಳದ ಹಾಗೆ ನೋಡಿಕೊಂಡಳು. ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ಇದೇ ಕೆಲಸವನ್ನು ಶ್ರಾವಣದಲ್ಲಿ ಕಿತ್ತೂರಿನ ಕಡೆ ಮಾಡಿದ್ದರೆ ಆರು ತಾಸಿನ ಬಿಸಿಲು ಎಂಬುದು ಎರಡು ದಿನಕ್ಕೂ ಕೂಡುತ್ತಿರಲಿಲ್ಲ. ರಾಮದುರ್ಗದ ಬಿಸಿಲಿಗೆ ಅದು ದಿನಾ ಕೂಡುತ್ತದೆ. ಡಬ್ಬಿಯ ಮೇಲಿನ ಆರು ಯಾವ ಊರಿನ ಆರು ಎಂದು ಡಬ್ಬಿ ಹೇಳುವುದಿಲ್ಲ.

ಅದರ ಮರುದಿನ, ಅಂಗಡಿ ತೆಗೆದ ಕೂಡಲೆ, ಎರಡನ್ನೂ ಹಿಂದಿನ ಗೋದಾಮಿಗೆ ಒಯ್ದಳು. ಕಿಡಕಿ ಇಲ್ಲದ ಕೋಣೆ ಅದು. ಈ ದೀಪಕ್ಕೆ ಪ್ಯಾನೆಲ್ಲೇ ಕಣ್ಣು: ಅದಕ್ಕೆ ಬೆಳಕು ಕಾಣದೆ ಹೋದರೆ ರಾತ್ರಿಯಾಯಿತೆಂದು ತಾನೇ ಹೊತ್ತಿಕೊಳ್ಳುತ್ತದೆ. ಫಿರದೋಸ್ ಪ್ಯಾನೆಲ್ಲುಗಳ ಮೇಲೆ ಗೋಣಿಚೀಲ ಹೊದಿಸಿದಳು. ಎರಡೂ ದೀಪ ಒಮ್ಮೆಲೇ ಹೊತ್ತಿದವು. ರಿಮೋಟಿನಲ್ಲಿ ಬೆಳಕನ್ನು ಪೂರ್ತಿ ಇಟ್ಟಳು. ಗೋದಾಮಿನ ಮೂಲೆಯ ಜೇಡರ ಬಲೆಯ ಎಳೆ ಎಳೆಯೂ ಕಂಡಿತು. ಬೆಳಕಿನ ಮಾತಿನಲ್ಲಿ ಸುಳ್ಳಿರಲಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚುವ ಮುಂಚೆ ಹೋಗಿ ನೋಡಿದಾಗ ಎರಡೂ ಮಂಕಾಗಿ ಕುಗ್ಗಿದ್ದವು. ಬುತ್ತಿ ಕಟ್ಟಿ ಕೈ ತೊಳೆಯುವಷ್ಟರಲ್ಲಿ ಮೊದಲು ಹೊಸದು ಆರಿತು. ಮುದಕವ್ವನದು ಅದರ ಹಿಂದೆಯೇ ಆರಿತು. ಒಟ್ಟು ನಾಲ್ಕು ತಾಸು ಚಿಲ್ಲರೆ.

"ಅಂದ್ರ ಭಂಡಾರ ತಿಂದದ್ದು ಒಂದ ತಾಸು," ಅಂದಳು ಫಿರದೋಸ್. "ಉಳಿದ ಎಂಟ ತಾಸ ಯಾರ ತಿಂದ್ರು ಅಣ್ಣಾರ?"

ಮಧು ತಲೆ ಕೆರೆದುಕೊಂಡ. ಡಬ್ಬಿ ತಿರುಗಿಸಿ, ಕನ್ನಡಕ ಹಣೆಗೇರಿಸಿ, ತಳದಲ್ಲಿದ್ದ ಇರುವೆಯಂಥ ಅಕ್ಷರಗಳನ್ನು ಓದಿದ. ಹನ್ನೆರಡು ತಾಸು: ಮಂದ ಬೆಳಕಿನಲ್ಲಿ. "ನೋಡ, ಬರದಾರ! ರಿಮೋಟಿನ್ಯಾಗ ಕಡಿಮಿ ಮಾಡೂ ಗುಂಡಿ ಐತಿ. ನೀ ಪೂರ್ತಿ ಇಟ್ರ ಅದರ ತಪ್ಪೇನು? ನಾಡಿದ್ದ ಮಂದ ಇಟ್ಟು ನೋಡು."

ಮತ್ತೆ ಒಂದು ದಿನ ಬಿಸಿಲು. ಮತ್ತೆ ಮುಂಜಾನೆ ಗೋಣಿಚೀಲ, ಒಂದೇ ದೀಪಕ್ಕೆ. ಈ ಸಲ ಬೆಳಕು ಎಲ್ಲಕ್ಕಿಂತ ಕೆಳಗೆ. ಸಂಜೆಯ ಬಸ್ಸಿಗೆ ಫಿರದೋಸ್ ಹೊರಟಾಗ ದೀಪ ಉರಿಯುತ್ತಲೇ ಇತ್ತು. ಶಟರ್ ಎಳೆಯುವ ಹೊತ್ತಿಗೆ ಮಧುವಿನಿಂದ ಫೋನು ಬಂತು. ದನಿಯಲ್ಲಿ ಮದುವೆಮನೆಯ ಸಡಗರ. "ಉರಿಯಾಕ ಹತ್ತೇತಿ! ಹನ್ನೆರಡ ಆತು, ಇನ್ನೂ ಉರಿಯಾಕ ಹತ್ತೇತಿ!"

ಕಾಶಿಂಬಿ ರೊಟ್ಟಿ ತಟ್ಟುತ್ತಾ ಕೇಳಿದಳು. "ಏನಂತ?"

"ನಾವ ಹೇಳಿದ್ದು ಖರೆ ಅಂತ."

"ಮತ್ತ ಮುಖ ಯಾಕ ಹಂಗ ಮಾಡಿ?"

ಅದಕ್ಕೆ ಉತ್ತರ ಫಿರದೋಸಳಿಗೆ ಹೊಳೆದದ್ದು ಮರುದಿನ ಗೋದಾಮಿನಲ್ಲಿ. ಎರಡನೆಯ ದೀಪವನ್ನು ಅದೇ ಮಂದ ಬೆಳಕಿಗೆ ಇಟ್ಟು ಮಧುವನ್ನು ಒಳಗೆ ಕರೆದಳು.

"ಅಣ್ಣಾರ, ಆ ಗ್ವಾಡಿಗೆ ಮೂರ ಡಬ್ಬಿ ಅದಾವ. ಅದರಾಗ ಹೋಲ್ಡರಿನ ಡಬ್ಬಿ ಯಾವುದು, ತಂದ ಕೊಡ್ರಿ."

ಮಧು ನಾಲ್ಕು ಹೆಜ್ಜೆ ಇಟ್ಟು, ಬಗ್ಗಿ, ಕೈ ಆಡಿಸಿ, ಒಂದು ಡಬ್ಬಿಗೆ ಮೊಣಕಾಲು ಬಡಿಸಿಕೊಂಡ. ತನಗರಿವಿಲ್ಲದೆ ಕಿಸೆಯಿಂದ ಮೊಬೈಲು ತೆಗೆದು ಅದರ ಬ್ಯಾಟರಿ ಹಚ್ಚಿದ.

ಫಿರದೋಸ್ ನಕ್ಕಳು. ಮಧುವಿಗೂ ನಗು ತಡೆಯಲಾಗಲಿಲ್ಲ. "ಮೋಸಾ ಮಾಡಿದಿ ತಂಗಿ."

"ನಿಮ್ಮ ಗ್ವಾದಾಮದಾಗ ನಿಮಗ ಡಬ್ಬಿ ಕಾಣವಲ್ದು. ಅಷ್ಟ ದೊಡ್ಡ ಹಟ್ಟ್ಯಾಗ ನಾಯಿಗೆ ತೋಳ ಕಾಣತೇತೇನ್ರಿ?"

ನಗು ನಿಂತಿತು. ಮಧು ಹೊರಗೆ ಬಂದು ಕುರ್ಚಿಯಲ್ಲಿ ಕೂತ. "ನೋಡ ಫಿರದೋಸ್. ಎಂಟನೂರ ಲೂಮೆನ್ ಖರೆ ಐತಿ. ಕಂಡೀ. ಹನ್ನೆರಡ ತಾಸೂ ಖರೆ ಐತಿ. ನಾನ ಕಂಡೇನಿ. ಎರಡೂ ಖರೆ ಅಂದಮ್ಯಾಲ ಸುಳ್ಳೆಲ್ಲಿಂದ ಬಂತು?"

"ಎರಡೂ ಖರೆ ಅದಾವ್ರಿ. ಆದ್ರ ಒಮ್ಮಿಗೆ ಇಲ್ಲ. ಬೆಳಕ ಬೇಕಂದ್ರ ನಾಕ ತಾಸು. ಹನ್ನೆರಡ ಬೇಕಂದ್ರ ಬೆಳಕಿಲ್ಲ. ನಾನು ಎರಡೂ ಒಂದ ಉಸರಿನ್ಯಾಗ ಹೇಳೇನಿ. ಕೇಳಿದವರು ಎರಡೂ ಸಿಕ್ಕತ್ತು ಅಂತ ತಿಳಕೊಂಡ್ರು."

ಮಧು ಬೀದಿಯ ಕಡೆ ಕೈ ತೋರಿಸಿದ. ಎದುರಿನ ಅಂಗಡಿಯ ಗಾಜಿಗೂ ಅದೇ ದೀಪದ ಚಿತ್ರ ಅಂಟಿಸಿದ್ದರು, ಅದೇ ಎಂಟುನೂರು, ಅದೇ ಹನ್ನೆರಡು. "ನಾವ ನಾಕ ಅಂದು ಅವರ ಹನ್ನೆರಡ ಅಂದ್ರ ಮಂದಿ ಎಲ್ಲಿ ಹೋಗತಾರ? ಮಾಲ ಕಳಸೂ ಹುಬ್ಬಳ್ಳ್ಯಾವ ಕೇಳತಾನ, ನಿಮ್ಮೊಬ್ಬರ ದೀಪ ಯಾಕ ನಾಕ ತಾಸಿಗೆ ಆರತೇತಿ ಅಂತ. ಊರೆಲ್ಲಾ ಹಿಂಗ ಹೇಳತೇತಿ. ನಾ ಒಬ್ಬಾವ ಖರೆ ಹೇಳಿ ಏನ ಮಾಡ್ಲಿ?"

ಅದು ಅವನ ನಿಜವಾದ ಅಂಜಿಕೆಯಾಗಿತ್ತು. ಫಿರದೋಸ್ ಅದನ್ನು ತಳ್ಳಿಹಾಕಲಿಲ್ಲ. ಆದರೆ ಆಕೆಗೆ ಇನ್ನೊಂದು ಕಾಣತೊಡಗಿತ್ತು. ಊರೆಲ್ಲ ಹೇಳಿದ್ದನ್ನು ಅಕ್ಷರ ಬಲ್ಲವರು ಡಬ್ಬಿ ತಿರುಗಿಸಿ ತಾಳೆ ನೋಡುತ್ತಾರೆ. ತಳದ ಸಣ್ಣ ಅಕ್ಷರ ಅವರಿಗಾಗಿ ಇದೆ. ಅಕ್ಷರ ಬಾರದವರಿಗೆ ತಳವೇ ಇಲ್ಲ. ಅವರ ಪಾಲಿಗೆ ಡಬ್ಬಿ ಎಂದರೆ ಫಿರದೋಸಳ ದನಿ, ಅಷ್ಟೆ. ಬಡವರಿಗೆ ಮಾರುವ ಸಾಮಾನಿನಲ್ಲಿ ಎಲ್ಲ ನಿಜವನ್ನೂ ಬರೆದಿರುತ್ತಾರೆ, ಅವರ ಕಣ್ಣು ಹೋಗದ ಜಾಗದಲ್ಲಿ ಬರೆದಿರುತ್ತಾರೆ.

ಸಂತೆಯ ದಿನ ಮುದಕವ್ವ ಹೇಳಿದ ಹೊತ್ತಿಗೆ ಬಂದಳು. ಸೆರಗಿನಲ್ಲಿ ಹಿಡಿ ಶೇಂಗಾ ತಂದಿದ್ದಳು. "ಹುಡಿಗಿ ದಪ್ಪ ಆಗಲಿ," ಅಂತ ಫಿರದೋಸಳ ಮುಂದೆ ಸುರಿದಳು.

ಮಧು ತಾನೇ ಎದ್ದು ಬಂದ. ಕೈಯಲ್ಲಿ ಸೀಲು ಒಡೆಯದ ಡಬ್ಬಿ. "ತೊಗೊಳ್ರಿ ಅವ್ವಾರ, ಹೊಸಾದು. ಹಳೇದು ನಮ್ಮಲ್ಲೆ ಇರ್ಲಿ. ಒಂದ ಪೈಸೆ ಕೊಡಬ್ಯಾಡ್ರಿ. ಭಂಡಾರ ಮಾತ್ರ ಬೆನ್ನಿಗೆ ಹಚ್ರಿ, ಮಾರಿಗೆ ಬ್ಯಾಡ."

ಮುದಕವ್ವ ಡಬ್ಬಿಯನ್ನು ಕಣ್ಣಿಗೆ ಒತ್ತಿಕೊಂಡಳು. "ದೇವರ ಚಲೋ ಮಾಡ್ಲಿ ನಿನಗ."

ಅವನು ಇದನ್ನು ಮನಸಾರೆ ಮಾಡಿದ್ದ, ಅದರಲ್ಲಿ ಅನುಮಾನವಿರಲಿಲ್ಲ. ಒಬ್ಬ ಮುದುಕಿಗೆ ಒಂದು ದೀಪ ಕೊಟ್ಟು ಅವನ ಎದೆ ಹಗುರಾಗಿತ್ತು. ಹಗುರಾದ ಎದೆಯಿಂದಲೇ ಅವನು ಫಿರದೋಸಳ ಕಡೆ ತಿರುಗಿದ. ಮೊಬೈಲು ತೆಗೆದು ದನಿ ಹಿಡಿಯುವ ಗುಂಡಿಯ ಮೇಲೆ ಬೆರಳಿಟ್ಟು ಆಕೆಯ ಮುಂದೆ ಚಾಚಿದ.

"ಅವ್ವಾರದ ಆತು. ಇನ್ನ ದಸರೆಯ ದನಿ ಹಾಕಿಬಿಡು ತಂಗಿ. ಎಂಟನೂರ ಲೂಮೆನ್, ಆರ ತಾಸ ಬಿಸಲು, ಹನ್ನೆರಡ ತಾಸ ಬೆಳಕು, ಮಳಿ ಗಾಳಿಗೆ ಜಗ್ಗೂದಿಲ್ಲ. ಭಂಡಾರದ್ದು ಕಡೀಕ ಹೇಳು. ನಿನ್ನ ದನಿ ಇಲ್ಲಂದ್ರ ಮಂದಿ ನಂಬೂದಿಲ್ಲ."

ಮುದಕವ್ವ ಮೆಟ್ಟಿಲು ಇಳಿಯಬೇಕೆಂದವಳು ನಿಂತಳು. ಡಬ್ಬಿಯನ್ನು ಎದೆಗೆ ಅವಚಿಕೊಂಡೇ ಕೇಳಿದಳು. "ಯವ್ವಾ, ಇದು ಬೆಳತನಕಾ ಉರೀತೇತಲ್ಲ?"

"ಹೂಂ ಅನ್ನು," ಅಂದ ಮಧು, ಮೆಲ್ಲಗೆ, ಬೇಡಿಕೊಳ್ಳುವವನ ಹಾಗೆ.

ಫಿರದೋಸ್ ಶೇಂಗಾದ ಸಿಪ್ಪೆ ಕೊಡವಿ ಎದ್ದಳು. ಡಬ್ಬಿಯ ಸೀಲು ಒಡೆದು ರಿಮೋಟನ್ನು ತೆಗೆದು ಮುದಕವ್ವನ ಅಂಗೈಗಿಟ್ಟು, ಆಕೆಯ ಹೆಬ್ಬೆರಳನ್ನೇ ಹಿಡಿದು ಗುಂಡಿಗಳ ಮೇಲೆ ಆಡಿಸಿದಳು.

"ಇಲ್ಲ ಆಯಿ. ಉರಿಯೂದಿಲ್ಲ. ಈ ಗುಂಡಿ ಒತ್ತಿದ್ರ ಹಟ್ಟಿ ಎಲ್ಲಾ ಕಾಣತೇತಿ, ನಾಕ ತಾಸಿಗೆ ಆರತೇತಿ. ಈ ಗುಂಡಿ ಒತ್ತಿದ್ರ ಬೆಳತನಕಾ ಇರತೇತಿ, ನಿಮ್ಮ ಕಾಲ ಬುಡ ಅಷ್ಟ ಕಾಣತೇತಿ. ಹಟ್ಟಿ ಬೆಳತನಕಾ ಕಾಣಬೇಕಂದ್ರ ಇಂಥಾವು ಮೂರ ಬೇಕು, ಒಂದಾದ ಮ್ಯಾಲ ಒಂದ ಹಚ್ಚಬೇಕು. ಮಳಿ ಸಿಡದ್ರ ನಡೀತೇತಿ, ನೀರಾಗ ಬೀಳಬಾರದು. ಮ್ವಾಡಾ ಆದ ದಿನ ಇದಕ್ಕೂ ಕಡಿಮಿ. ಬೆಂಕಿ ಬಿಡಬ್ಯಾಡ್ರಿ."

ಮುದಕವ್ವ ರಿಮೋಟಿನ ಎರಡು ಗುಂಡಿಗಳನ್ನು ಉಗುರಿನಿಂದ ಮುಟ್ಟಿ ಮುಟ್ಟಿ ನೋಡಿದಳು. "ಹಂಗಾರ ಮರಿ ಈಯೂ ಹೊತ್ತಿಗೆ ದೊಡ್ಡ ಗುಂಡಿ, ಉಳದ ಹೊತ್ತಿಗೆ ಸಣ್ಣದು," ಅಂದಳು. "ಮೊದಲ ಹಿಂಗ ಅಂದಿದ್ರ ಬಿಳೇ ಕಿವೀದು ಇರತಿತ್ತು." ಅಷ್ಟು ಹೇಳಿ, ಬೈಯದೆ, ಇಳಿದು ಹೋದಳು.

ಮಧುವಿನ ಕೈ ಚಾಚಿದ್ದು ಚಾಚಿದ ಹಾಗೇ ಇತ್ತು. "ಆತು. ಆಕಿಗೆ ಹೇಳಿದಿ, ಚಲೋ ಮಾಡಿದಿ. ಈಗ ಇದರಾಗ ನಾ ಹೇಳಿದ್ದ ಹೇಳು."

"ಇದರಾಗೂ ಅದನ್ನ ಹೇಳತೇನಿ ಅಣ್ಣಾರ. ಆಯಿಗೆ ಹೇಳಿದ್ದನ್ನ."

"ಫಿರದೋಸ್, ಅಂಗಡಿ ನಂದು."

"ಅಂಗಡಿ ನಿಮ್ಮದರಿ. ದೀಪಾ ನಿಮ್ಮದು, ಫೋನೂ ನಿಮ್ಮದು." ಆಕೆ ಆ ಮೊಬೈಲನ್ನು ಎರಡು ಬೆರಳಿನಿಂದ ಅವನ ಕಡೆಗೇ ಮೆಲ್ಲಗೆ ಸರಿಸಿದಳು. "ದನಿ ನಂದು. ಹನ್ನೆರಡ ಅಂತ ನಾ ಹೇಳೂದಿಲ್ಲ."